ಕ್ಯೂಆರ್ ಕೋಡ್ ಹಿಂದಿನ ಲೆಕ್ಕ: ಅನುಭವಿ ಅಕೌಂಟೆಂಟ್‌ಗೆ ಅಂಗಡಿ ಬೀದಿಯಲ್ಲಿದೆ ಕೆಲಸ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಹಲವು ಬೇಕರಿ, ಕಾಂಡಿಮೆಂಟ್ಸ್ ಹಾಗೂ ಹಾಲಿನ ಅಂಗಡಿಗಳ ಗಾಜಿನ ಮೇಲಿದ್ದ ಕ್ಯೂಆರ್ ಕೋಡ್‌ಗಳು ಇದ್ದಕ್ಕಿದ್ದಂತೆ ಮಾಯವಾದವು. ಅವುಗಳ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ಮಾಹಿತಿಯನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದೇ ಇದಕ್ಕೆ ಕಾರಣ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕೇಳಿದ ನೋಟಿಸ್ ರಾಜ್ಯದಾದ್ಯಂತ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳೊಡನೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದು ಪ್ರಕಟಿಸಿದ ಬಳಿಕ ಪ್ರಕರಣ ತಣ್ಣಗಾಯಿತು.

ನೋಟಿಸ್ ಬಂದವರಲ್ಲಿ ಬಹುಪಾಲು ಜನರಿಗೆ ತಮ್ಮ ವರ್ಷದ ಮಾರಾಟ ಎಷ್ಟು, ಅದರಲ್ಲಿ ತೆರಿಗೆಗೆ ಒಳಪಡುವುದೆಷ್ಟು, ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದಲ್ಲದ್ದು ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿರಲಿಲ್ಲ. ಕಂಪನಿಯಲ್ಲೋ ಆಡಿಟರ್ ಕಚೇರಿಯಲ್ಲೋ ಹದಿನೈದಿಪ್ಪತ್ತು ವರ್ಷ ದುಡಿದು, ಸ್ವಂತವಾಗಿ ಏನಾದರೂ ಆರಂಭಿಸಬೇಕೆಂದಿರುವ ಅಕೌಂಟೆಂಟ್‌ಗೆ ಉದ್ಯೋಗ ಇರುವುದು ಇಲ್ಲಿಯೇ. ರಿಟರ್ನ್ ಸಲ್ಲಿಸಿಕೊಡುವವರು ಪ್ರತಿ ಬೀದಿಯಲ್ಲಿದ್ದಾರೆ. ಆ ಕೆಲಸದ ಬೆಲೆಯೂ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ. ರಿಟರ್ನ್‌ಗೂ ಮುನ್ನ ಆಗಬೇಕಾದ ಲೆಕ್ಕ ಬೇರ್ಪಡಿಸುವ ಕೆಲಸಕ್ಕೆ ಮಾತ್ರ ಜನ ವಿರಳ.

ಒಂದು ಅಂಗಡಿಯ ಲೆಕ್ಕ

ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುವ ಒಂದು ಹಾಲು-ದಿನಸಿ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಕ್ಯೂಆರ್ ಕೋಡ್ ಅಣ್ಣನ ಉಳಿತಾಯ ಖಾತೆಯದು. ಒಂದು ಆರ್ಥಿಕ ವರ್ಷದಲ್ಲಿ ಆ ಖಾತೆಗೆ ಯುಪಿಐ ಮೂಲಕ 52 ಲಕ್ಷ ರೂಪಾಯಿ ಬಂದಿದೆ. ಇಲಾಖೆಯ ಕಂಪ್ಯೂಟರಿಗೆ ಕಾಣುವುದು ಈ ಅಂಕಿ ಮಾತ್ರ. ಇಡೀ ಮೊತ್ತಕ್ಕೆ ಶೇ 18ರಂತೆ ತೆರಿಗೆ ಹಾಕಿದರೆ 9.36 ಲಕ್ಷ ರೂಪಾಯಿ ಆಗುತ್ತದೆ. ಅಂಗಡಿಯ ವರ್ಷದ ಒಟ್ಟು ಲಾಭವೇ ಅಷ್ಟಿರುವುದಿಲ್ಲ.

ಸಲಹೆಗಾರನ ಮೊದಲ ಕೆಲಸ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿಕೊಂಡು ಕೂರುವುದು. ಪ್ರತಿ ಸಾಲನ್ನೂ ಓದುವ ಅಗತ್ಯವಿಲ್ಲ. ಇಂತಹ ಅಂಗಡಿಯಲ್ಲಿ ಗಿರಾಕಿಗಳ ಪಾವತಿ ಹತ್ತು ರೂಪಾಯಿಯಿಂದ ಕೆಲವು ನೂರುಗಳವರೆಗೆ ಇರುತ್ತದೆ. ಆದ್ದರಿಂದ 5,000 ರೂಪಾಯಿಗೆ ಮೇಲ್ಪಟ್ಟ ಜಮೆಗಳನ್ನು ಮೊದಲು ಪಟ್ಟಿ ಮಾಡಿ, ಒಂದೊಂದರ ಎದುರೂ ‘ಇದು ಯಾರು, ಯಾತರದ್ದು’ ಎಂದು ಮಾಲೀಕರನ್ನು ಕೇಳಬೇಕು. ಚೀಟಿ ಎತ್ತಿದ ಹಣ 3 ಲಕ್ಷ, ಚಿನ್ನ ಅಡವಿಟ್ಟು ತಂದ ಸಾಲ 2.40 ಲಕ್ಷ, ಬಂಧುವೊಬ್ಬರ ಕೈಸಾಲ 1.60 ಲಕ್ಷ ಹೀಗೆ ಹೊರಬಿತ್ತು ಎನ್ನೋಣ. ‘ಫೋನ್‌ಗೆ ಹಾಕುತ್ತೇನೆ, ನಗದು ಕೊಡಿ’ ಎಂದು ಪರಿಚಿತರು ಪಡೆದದ್ದು ಇನ್ನೊಂದು ಲಕ್ಷ. ಒಟ್ಟು 8 ಲಕ್ಷ ರೂಪಾಯಿ ಮಾರಾಟವೇ ಅಲ್ಲ. ಉಳಿದ ಯುಪಿಐ ಮಾರಾಟ 44 ಲಕ್ಷ.

ಅನೇಕ ಸಲಹೆಗಾರರು ಇಲ್ಲಿಗೇ ನಿಲ್ಲುತ್ತಾರೆ. ಅದು ತಪ್ಪು. ಕಾನೂನು ನೋಡುವುದು ಯುಪಿಐಯನ್ನಲ್ಲ, ಒಟ್ಟು ವಹಿವಾಟನ್ನು. ಗಲ್ಲಾಪೆಟ್ಟಿಗೆಗೆ ಬಿದ್ದ ನಗದು 9 ಲಕ್ಷ ಎಂದು ಮಾಲೀಕರು ಅಂದಾಜು ಹೇಳಿದರೆ ಮಾರಾಟ 53 ಲಕ್ಷಕ್ಕೆ ಏರುತ್ತದೆ. ಅಂದಾಜು ಸರಿಯೇ ಎಂದು ತಿಳಿಯಲು ಖರೀದಿ ಬಿಲ್ಲುಗಳೇ ದಾರಿ. ವರ್ಷದ ಖರೀದಿ 48 ಲಕ್ಷ ಇದ್ದು, ಹಾಲಿನಂತಹ ಕಡಿಮೆ ಲಾಭದ ಸರಕೇ ಹೆಚ್ಚಾಗಿರುವ ಅಂಗಡಿಯಲ್ಲಿ 5 ಲಕ್ಷ ಒಟ್ಟು ಲಾಭ ನಂಬುವಂತಹದು. ಖರೀದಿಯೇ 55 ಲಕ್ಷ ಇದ್ದಿದ್ದರೆ ಎಲ್ಲೋ ಉದ್ರಿ ಬಾಕಿ ನಿಂತಿದೆ, ಸರಕು ಪೇರಿಕೊಂಡಿದೆ ಅಥವಾ ನಗದು ಮಾರಾಟವನ್ನು ಮುಚ್ಚಿಡಲಾಗಿದೆ ಎಂದರ್ಥ.

ಮೂರನೆಯ ಹಂತ ಸರಕಿನ ವಿಂಗಡಣೆ. ಹಾಲು, ಬ್ರೆಡ್, ತೆಂಗಿನಕಾಯಿ, ತರಕಾರಿ ಇತ್ಯಾದಿ ತೆರಿಗೆರಹಿತ ಸರಕಿನ ಮಾರಾಟ 31 ಲಕ್ಷ. ಬಿಸ್ಕತ್ತು, ಸಾಬೂನು, ಎಣ್ಣೆ ಮುಂತಾದ ತೆರಿಗೆ ಸರಕಿನದು 22 ಲಕ್ಷ ಎಂದಾಯಿತು. ತೆರಿಗೆಯ ಸರಕು 22 ಲಕ್ಷ ಮಾತ್ರ ಇರುವುದರಿಂದ ನೋಂದಣಿ ಬೇಡ ಎಂದು ಮಾಲೀಕರು ಸಂತೋಷಪಡುವುದು ಸಹಜ. ಆದರೆ 40 ಲಕ್ಷದ ಮಿತಿಯನ್ನು ಅಳೆಯುವಾಗ ತೆರಿಗೆರಹಿತ ಸರಕಿನ ಮಾರಾಟವೂ ಸೇರುತ್ತದೆ. ಕೇವಲ ತೆರಿಗೆರಹಿತ ಸರಕನ್ನೇ ಮಾರುವವರಿಗೆ ಮಾತ್ರ, ಮಾರಾಟ ಎಷ್ಟೇ ಇರಲಿ, ನೋಂದಣಿಯಿಂದ ವಿನಾಯಿತಿ ಇದೆ. ಹಾವೇರಿಯ ತರಕಾರಿ ವ್ಯಾಪಾರಿಗೂ ಈ ಅಂಗಡಿಗೂ ಇರುವ ವ್ಯತ್ಯಾಸ ಇದೇ.

ಸಿಗರೇಟು ತಂದಿಡುವ ತೊಡಕು

40 ಲಕ್ಷದ ಮಿತಿ ಎಲ್ಲರಿಗೂ ಇಲ್ಲ ಎಂಬುದು ಅಂಗಡಿ ಬೀದಿಯಲ್ಲಿ ಅಷ್ಟಾಗಿ ತಿಳಿಯದ ಸಂಗತಿ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಸವಲತ್ತು ಸರಕನ್ನಷ್ಟೇ ಮಾರುವವರಿಗೆ ಅನ್ವಯಿಸುತ್ತದೆ. ತಂಬಾಕು ಉತ್ಪನ್ನ, ಪಾನ್ ಮಸಾಲ ಮತ್ತು ಐಸ್‌ಕ್ರೀಂ ಮಾರುವವರನ್ನು ಅದೇ ಅಧಿಸೂಚನೆಯು ಹೊರಗಿಟ್ಟಿದೆ. ಅವರ ಮಿತಿ 20 ಲಕ್ಷ. ಸೇವೆ ನೀಡುವವರ ಮಿತಿಯೂ 20 ಲಕ್ಷವೇ. ಚಹಾ-ತಿಂಡಿ ತಯಾರಿಸಿ ಬಡಿಸುವುದು ಸೇವೆಯ ಲೆಕ್ಕಕ್ಕೆ ಬರುತ್ತದೆ.

ಮೇಲಿನ ಅಂಗಡಿಯ ತಿಂಗಳ ಮಾರಾಟ ಸರಾಸರಿ 4.42 ಲಕ್ಷ. ಡಿಸೆಂಬರ್ ಅಂತ್ಯಕ್ಕೆ 39.75 ಲಕ್ಷ ತಲುಪಿ ಜನವರಿಯ ಮೊದಲ ದಿನಗಳಲ್ಲೇ 40 ಲಕ್ಷ ದಾಟುತ್ತದೆ. ಆದರೆ ಬಾಗಿಲ ಬಳಿ ಒಂದು ಐಸ್‌ಕ್ರೀಂ ಪೆಟ್ಟಿಗೆ ಅಥವಾ ಕೌಂಟರಿನಲ್ಲಿ ಸಿಗರೇಟು ಪ್ಯಾಕುಗಳಿದ್ದರೆ ಆಗಸ್ಟ್ ಮಧ್ಯದಲ್ಲೇ ಮಿತಿ ಮುಗಿದಿರುತ್ತದೆ. ಮಿತಿ ದಾಟಿದ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ತಡವಾದರೆ ನಡುವಿನ ಅವಧಿಯ ಮಾರಾಟಕ್ಕೆ ಪೂರ್ಣ ದರದ ತೆರಿಗೆ ಬೀಳುವ ಅಪಾಯವಿದೆ. ರಾಜಿ ತೆರಿಗೆಯ ಸವಲತ್ತು ಹಿಂದಿನ ದಿನಾಂಕಕ್ಕೆ ದೊರೆಯುವುದಿಲ್ಲ. ಹೀಗಾಗಿ ತಿಂಗಳಿಗೊಮ್ಮೆ ಮಾರಾಟದ ಮೊತ್ತವನ್ನು ಕೂಡಿಸಿ, ಮಿತಿಗೆ ಇನ್ನೆಷ್ಟು ದೂರವಿದೆ ಎಂದು ಬರೆದುಕೊಡುವುದೇ ಈ ಸಲಹಾ ಸೇವೆಯ ತಿರುಳು.

ಯಾವ ದಾರಿ ಅಗ್ಗ?

ನೋಂದಣಿ ಅನಿವಾರ್ಯವಾದಾಗ ಎರಡು ದಾರಿಗಳಿವೆ. ‘ಕಾಂಪೋಸಿಷನ್’ ಎಂದೇ ಪರಿಚಿತವಾದ ರಾಜಿ ತೆರಿಗೆ ಪದ್ಧತಿ 1.5 ಕೋಟಿ ವಹಿವಾಟಿನವರೆಗೆ ಲಭ್ಯ. ವ್ಯಾಪಾರಿಗೆ ತೆರಿಗೆ ಸರಕಿನ ಮಾರಾಟದ ಮೇಲೆ ಶೇ 1 ತೆರಿಗೆ. ಉದಾಹರಣೆಯ ಅಂಗಡಿಗೆ ವರ್ಷಕ್ಕೆ 22,000 ರೂಪಾಯಿ. ಇದನ್ನು ಗಿರಾಕಿಯಿಂದ ಪಡೆಯುವಂತಿಲ್ಲ, ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಕಳೆಯುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ರಿಟರ್ನ್.

ಸಾಮಾನ್ಯ ಪದ್ಧತಿಯಲ್ಲಿ ಖರೀದಿಯ ತೆರಿಗೆ ಕಳೆದು ಉಳಿದದ್ದನ್ನಷ್ಟೇ ಕಟ್ಟಬೇಕು. ಸಣ್ಣ ಅಂಗಡಿಗೆ ರಾಜಿ ತೆರಿಗೆಯೇ ಲೇಸು ಎಂಬುದು ಬಹುಕಾಲದ ರೂಢಿಯ ಮಾತು. 2025ರ ಸೆಪ್ಟೆಂಬರ್ 22ರಂದು ದರಗಳು ಬದಲಾದ ಮೇಲೆ ಈ ಮಾತನ್ನು ಮತ್ತೆ ತೂಗಿ ನೋಡಬೇಕಾಗಿದೆ. ಸಾಬೂನು, ಟೂತ್‌ಪೇಸ್ಟ್, ಬಿಸ್ಕತ್ತು ಮೊದಲಾದವು ಶೇ 5ಕ್ಕೆ ಇಳಿದಿವೆ. ಶೇ 10 ಲಾಭದಲ್ಲಿ ಇಂತಹ ಸರಕು ಮಾರುವವರು ನಿಜವಾಗಿ ಕೈಯಿಂದ ಕಟ್ಟುವುದು ಮಾರಾಟದ ಸುಮಾರು ಅರ್ಧ ಪ್ರತಿಶತ. 22 ಲಕ್ಷಕ್ಕೆ ಹತ್ತು-ಹನ್ನೊಂದು ಸಾವಿರ ರೂಪಾಯಿ. ರಾಜಿ ತೆರಿಗೆಯ ಅರ್ಧ! ಆದರೆ ಪ್ರತಿ ಖರೀದಿ ಬಿಲ್ಲನ್ನೂ ದರವಾರು ದಾಖಲಿಸಬೇಕು, ಡಿಸ್ಟ್ರಿಬ್ಯೂಟರ್ ತನ್ನ ರಿಟರ್ನ್ ಸಲ್ಲಿಸದಿದ್ದರೆ ಕಳೆಯಬೇಕಾದ ತೆರಿಗೆ ಕೈಗೆ ಬಾರದು. ಉಳಿತಾಯದ ಹನ್ನೊಂದು ಸಾವಿರ ಲೆಕ್ಕ ಬರೆಯುವವರ ಸಂಬಳಕ್ಕೇ ಹೋಗಬಹುದು. ಶೇ 40ರ ತಂಪು ಪಾನೀಯವನ್ನೇ ಹೆಚ್ಚಾಗಿ ಮಾರುವ ಅಂಗಡಿಗಾದರೆ ರಾಜಿ ತೆರಿಗೆಯೇ ಸ್ಪಷ್ಟವಾಗಿ ಅಗ್ಗ. ಅಂಗಡಿಯ ಕಪಾಟು ನೋಡದೆ ಇದಕ್ಕೆ ಉತ್ತರ ಹೇಳಲಾಗದು.

ಮನೆಯವರ ಹೆಸರಿನ ಕೋಡ್‌ಗಳು

ಕುಟುಂಬದ ವ್ಯಾಪಾರದಲ್ಲಿ ಸಲಹೆಗಾರನಿಗೆ ಬಂದೇ ಬರುವ ಬೇಡಿಕೆ ಒಂದಿದೆ: ‘ತಮ್ಮನ ಹೆಸರಲ್ಲೊಂದು, ಅಮ್ಮನ ಹೆಸರಲ್ಲೊಂದು ಕೋಡ್ ಹಾಕಿ 53 ಲಕ್ಷವನ್ನು ಮೂರು ಪಾಲು ಮಾಡಿಬಿಡಿ ಸಾರ್’. ಇದನ್ನು ಮೊದಲ ದಿನವೇ ನಿರಾಕರಿಸಬೇಕು. ಒಂದೇ ಸರಕು, ಒಂದೇ ಗಲ್ಲಾ, ಒಂದೇ ಖರೀದಿ ಖಾತೆ ಇರುವಾಗ ಹಣ ಯಾರ ಖಾತೆಗೆ ಬಿದ್ದರೂ ಮಾರಾಟ ಒಬ್ಬರದೇ. ಅಮ್ಮನ ಹೆಸರಿಗೂ ನೋಟಿಸ್ ಬರುವುದಷ್ಟೇ ಲಾಭ. ತಮ್ಮನ ಹಿಟ್ಟಿನ ಗಿರಣಿ ಬೇರೆ ಮಳಿಗೆಯಲ್ಲಿದ್ದು, ಬಾಡಿಗೆ, ವಿದ್ಯುತ್ ಬಿಲ್, ಖಾತೆ ಎಲ್ಲವೂ ಅವನದೇ ಆಗಿದ್ದರೆ ಅದು ನಿಜವಾಗಿಯೂ ಬೇರೆ ವ್ಯಾಪಾರ.

ಸರಿಯಾದ ಕ್ರಮವೆಂದರೆ ಅಂಗಡಿಗಾಗಿಯೇ ಒಂದು ಚಾಲ್ತಿ ಖಾತೆ ತೆರೆದು ಕೋಡ್ ಅನ್ನು ಅದಕ್ಕೆ ಜೋಡಿಸುವುದು, ಮನೆ ಖರ್ಚಿಗೆ ತಿಂಗಳಿಗೆ ಇಂತಿಷ್ಟು ಎಂದು ತೆಗೆಯುವುದು, ಚೀಟಿ ಮತ್ತು ಸಾಲವನ್ನು ಹಳೆಯ ಖಾತೆಯಲ್ಲೇ ಉಳಿಸುವುದು. ಇದಾದ ಮೇಲೆ ತಿಂಗಳ ಕೆಲಸ ಎರಡು ಗಂಟೆಗೆ ಇಳಿಯುತ್ತದೆ. ಮೊದಲ ವರ್ಷದ ಲೆಕ್ಕಕ್ಕೆ ಮಾತ್ರ ಎರಡು ದಿನ ಬೇಕು. ಆದ್ದರಿಂದ ಮೊದಲ ಲೆಕ್ಕಕ್ಕೊಂದು ಶುಲ್ಕ, ನಂತರ ತಿಂಗಳಿಗೆ ನಿಗದಿತ ಶುಲ್ಕ ಎಂದು ಇಟ್ಟುಕೊಳ್ಳುವುದು ಸೂಕ್ತ. ಉಳಿಸಿದ ತೆರಿಗೆಯಲ್ಲಿ ಪಾಲು ಕೇಳುವ ಸಲಹೆಗಾರ ಮಾರಾಟವನ್ನು ಕಡಿಮೆ ತೋರಿಸುವ ಆಮಿಷಕ್ಕೆ ತಾನೇ ಸಿಲುಕುತ್ತಾನೆ.

ಅಧಿಕಾರದ ಮಿತಿಯೂ ಗೊತ್ತಿರಬೇಕು. ತೆರಿಗೆ ಲೆಕ್ಕಪರಿಶೋಧನೆಯ ವರದಿಗೆ ಸಹಿ ಹಾಕುವ ಹಕ್ಕು ಚಾರ್ಟರ್ಡ್ ಅಕೌಂಟೆಂಟ್‌ಗೆ ಮಾತ್ರ. ವಾಣಿಜ್ಯ ಪದವೀಧರರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಹೆಸರು ನೋಂದಾಯಿಸಿ, ನಿಗದಿತ ಪರೀಕ್ಷೆ ತೇರ್ಗಡೆಯಾದರೆ ಗಿರಾಕಿಯ ಪರವಾಗಿ ರಿಟರ್ನ್ ಸಲ್ಲಿಸಬಹುದು. ನೋಂದಣಿ ಮಾಡಿಸುವಾಗ ಸಲಹೆಗಾರರು ತಮ್ಮದೇ ಮೊಬೈಲ್ ಸಂಖ್ಯೆ, ಇಮೇಲ್ ಹಾಕುವ ಅಭ್ಯಾಸ ವ್ಯಾಪಕವಾಗಿದೆ. ಆಗ ನೋಟಿಸ್ ಬಂದರೂ ಮಾಲೀಕರಿಗೆ ತಿಳಿಯುವುದಿಲ್ಲ, ಸಲಹೆಗಾರನನ್ನು ಬದಲಿಸಲೂ ಆಗುವುದಿಲ್ಲ. ಎರಡೂ ಮಾಲೀಕರದೇ ಆಗಿರಬೇಕು.

ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದವರು ರಾಜಿ ತೆರಿಗೆಗೆ ಬದಲಾಗಬೇಕಾದರೆ ಹೊಸ ಆರ್ಥಿಕ ವರ್ಷ ಆರಂಭವಾಗುವ ಮುನ್ನ, ಅಂದರೆ ಮಾರ್ಚ್ 31ರೊಳಗೆ, ಪೋರ್ಟಲ್‌ನಲ್ಲಿ ಆಯ್ಕೆ ತಿಳಿಸಬೇಕು. ಗಿರಾಕಿಗಳ ಕಪಾಟಿನ ಲೆಕ್ಕವನ್ನು ಜನವರಿ-ಫೆಬ್ರುವರಿಯಲ್ಲೇ ಮುಗಿಸಿಕೊಳ್ಳುವುದು ಅನುಕೂಲ. ಅಂಗಡಿಯವರಿಗೆ ಕೂತು ಮಾತನಾಡಲು ಪುರುಸೊತ್ತು ಸಿಗುವುದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ.