ಗುರಿ ಮಣಿಕಟ್ಟಿನಲ್ಲಿ, ಲಗಾಮು ಒಂದು ಬಟನ್‌ನಲ್ಲಿ

ಮೊಬೈಲಿನಲ್ಲಿ ಬಿಜಿಎಂಐ ಆಡುವ ಹುಡುಗರು ಸ್ಕೋಪ್ ತೆರೆದ ಕೂಡಲೇ ಫೋನನ್ನೇ ಅತ್ತಿತ್ತ ಹೊರಳಿಸುವುದನ್ನು ನೀವು ಬಸ್ಸಿನಲ್ಲೋ ಹಾಸ್ಟೆಲಿನಲ್ಲೋ ಕಂಡಿರಬಹುದು. ಅವರು ಗುರಿ ಹಿಡಿಯುತ್ತಿರುವುದು ಫೋನಿನೊಳಗಿನ ಗೈರೊಸ್ಕೋಪ್‌ನಿಂದ. ಟಿವಿ, ಕಂಪ್ಯೂಟರ್ ಮುಂದೆ ಕೂತು ಆಡುವ ಕಂಟ್ರೋಲರ್‌ಗಳಲ್ಲೂ ಇದೇ ಬಗೆಯ ಚಿಪ್ ಇದೆ. ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್, ನಿಂಟೆಂಡೊ ಸ್ವಿಚ್‌ನ ಜಾಯ್‌ಕಾನ್, ಕೈಯಲ್ಲೇ ಹಿಡಿದು ಆಡುವ ಸ್ಟೀಮ್ ಡೆಕ್ ಎಲ್ಲದರಲ್ಲೂ ಇದೆ. ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್ ಜೊತೆ ಬರುವ ಕಂಟ್ರೋಲರ್‌ನಲ್ಲಿ ಮಾತ್ರ ಇಲ್ಲ. 2015ರಲ್ಲಿ ಬಂದ ನಿಂಟೆಂಡೊದ ಸ್ಪ್ಲಾಟೂನ್ ಗೈರೊ ಗುರಿಯನ್ನು ಮನೆಮನೆಗೆ ಮುಟ್ಟಿಸಿತು. ಆದರೂ ಹೆಚ್ಚಿನವರು ಒಮ್ಮೆ ಆನ್ ಮಾಡಿ, ಪರದೆ ಕುಡಿದವರ ಹಾಗೆ ತೂರಾಡುವುದನ್ನು ಕಂಡು, ಅರ್ಧ ಗಂಟೆಯೊಳಗೆ ಆಫ್ ಮಾಡಿಬಿಡುತ್ತಾರೆ.

ತಪ್ಪು ಅವರ ಕೈಯದಲ್ಲ. ಎಲ್ಲರೂ ಸೆನ್ಸಿಟಿವಿಟಿಯ ಅಂಕಿಯನ್ನೇ ಹೆಚ್ಚು ಕಡಿಮೆ ಮಾಡುತ್ತಾ ಕೂರುತ್ತಾರೆ. ಗೈರೊವನ್ನು ಯಾವ ಬಟನ್ ಶುರು ಮಾಡಬೇಕು, ಯಾವುದು ನಿಲ್ಲಿಸಬೇಕು ಎಂಬುದನ್ನು ಯೋಚಿಸುವುದೇ ಇಲ್ಲ. ನನ್ನ ಪ್ರಕಾರ ಬಟನ್ ಮೊದಲು, ಅಂಕಿ ಆಮೇಲೆ.

ಏಕೆಂದು ತಿಳಿಯಲು ಗೈರೊ ಏನನ್ನು ಅಳೆಯುತ್ತದೆ ಎಂದು ನೋಡಬೇಕು. ಕಂಟ್ರೋಲರ್ ಎತ್ತ ಮುಖ ಮಾಡಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಯಾವ ವೇಗದಲ್ಲಿ ತಿರುಗುತ್ತಿದೆ, ಅಂದರೆ ಸೆಕೆಂಡಿಗೆ ಎಷ್ಟು ಡಿಗ್ರಿ, ಎಂಬುದಷ್ಟೇ ಗೊತ್ತು. ಆ ವೇಗವನ್ನು ಕೂಡಿಸುತ್ತಾ ಆಟದೊಳಗಿನ ಕ್ಯಾಮೆರಾವನ್ನು ಅಷ್ಟೇ ತಿರುಗಿಸುತ್ತಾರೆ. ಹಾಗಾಗಿ ಸೆನ್ಸಿಟಿವಿಟಿಗೆ ಒಂದು ಸಹಜ ಅಳತೆ ಸಿಗುತ್ತದೆ: ಕೈ 10 ಡಿಗ್ರಿ ತಿರುಗಿದರೆ ಆಟದಲ್ಲೂ 10 ಡಿಗ್ರಿ ತಿರುಗುವುದಾದರೆ ಅದು 1. ಕೈ 10 ತಿರುಗಿದಾಗ ಆಟದಲ್ಲಿ 30 ಆದರೆ ಅದು 3. ಜಿಬ್ ಸ್ಮಾರ್ಟ್ ಎಂಬ ಡೆವಲಪರ್ ಬಹುಕಾಲದಿಂದ ಈ ಅಳತೆಯ ಪರವಾಗಿ ಬರೆಯುತ್ತಾ ಬಂದಿದ್ದಾರೆ. ಆಟ ಯಾವುದಾದರೂ 3 ಎಂದರೆ 3 ಎಂಬುದೇ ಇದರ ಅನುಕೂಲ. ಒಂದರಿಂದ ನೂರರವರೆಗಿನ ಪಟ್ಟಿ ಕೊಡುವ ಆಟಗಳಲ್ಲಿ ಆ ನೂರು ಎಂದರೆ ಏನು ಎಂಬುದು ಮಾಡಿದವರಿಗೇ ಗೊತ್ತು.

ಈಗ ಲೆಕ್ಕ. ಆಟದಲ್ಲಿ 20 ಮೀಟರ್ ದೂರದಲ್ಲಿ ನಿಂತ ಶತ್ರುವಿನ ತಲೆ 20 ಸೆಂಟಿಮೀಟರ್ ಅಗಲ ಇದೆ ಎನ್ನೋಣ. ಅದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಹೆಚ್ಚುಕಡಿಮೆ ಆಕಾಶದಲ್ಲಿ ಹುಣ್ಣಿಮೆ ಚಂದ್ರ ಕಾಣುವಷ್ಟು ಅಗಲ. ಸೆನ್ಸಿಟಿವಿಟಿ 1 ಇದ್ದರೆ ಕೈಯನ್ನು ಆ ಅರ್ಧ ಡಿಗ್ರಿಯೊಳಗೆ ನಿಲ್ಲಿಸಿದರೆ ಸಾಕು. 3 ಇದ್ದರೆ ಡಿಗ್ರಿಯ ಐದನೇ ಒಂದು ಭಾಗದೊಳಗೆ, 6 ಇದ್ದರೆ ಹತ್ತನೇ ಒಂದು ಭಾಗದೊಳಗೆ ನಿಲ್ಲಿಸಬೇಕು. ಕೈಯ ಸಹಜ ನಡುಕವೇ ಅಲ್ಲಿ ಗುರಿ ಕೆಡಿಸುತ್ತದೆ.

ಹಾಗಾದರೆ 1 ಇಟ್ಟುಕೊಳ್ಳಬಾರದೇ? ಮಣಿಕಟ್ಟು ಬಿಡುವುದಿಲ್ಲ. ನೋವಾಗದಂತೆ ಕಂಟ್ರೋಲರ್ ಅನ್ನು ಎಡಕ್ಕೋ ಬಲಕ್ಕೋ ತಿರುಗಿಸಬಹುದಾದದ್ದು ಇಪ್ಪತ್ತು, ಇಪ್ಪತ್ತೈದು ಡಿಗ್ರಿ. ಶತ್ರು 40 ಡಿಗ್ರಿ ಎಡಕ್ಕೆ ಕಂಡರೆ 1ರಲ್ಲಿ ಕೈ ಮುಟ್ಟುವುದೇ ಇಲ್ಲ. ಹೀಗಾಗಿ ಜನ ಅಂಕಿ ಏರಿಸುತ್ತಾರೆ, ನಡುಕವೂ ಏರುತ್ತದೆ. ಈ ಇಕ್ಕಟ್ಟಿನಿಂದ ಬಿಡಿಸುವುದು ಎರಡು ಸಂಗತಿ. ಒಂದು, ದೊಡ್ಡ ತಿರುವನ್ನು ಬಲಗಡೆಯ ಸ್ಟಿಕ್‌ಗೆ ಬಿಟ್ಟು ಕೊನೆಯ ಕೆಲವು ಡಿಗ್ರಿಯನ್ನಷ್ಟೇ ಮಣಿಕಟ್ಟಿಗೆ ಕೊಡುವುದು. ಇನ್ನೊಂದು, ನಿಲ್ಲಿಸುವ ಬಟನ್.

ನಾಲ್ಕಾರು ಶತ್ರುಗಳತ್ತ ಗುರಿ ಇಟ್ಟ ಮೇಲೆ ಕೈಗಳು ಒಂದು ಕಡೆಗೆ ವಾಲಿಕೊಂಡಿರುತ್ತವೆ, ಮುಂದೆ ತಿರುಗಲು ಜಾಗವಿರುವುದಿಲ್ಲ. ಮೌಸ್ ಹಿಡಿದವರು ಪ್ಯಾಡಿನ ಅಂಚು ತಲುಪಿದಾಗ ಮೌಸ್ ಎತ್ತಿ ನಡುವೆ ಇಡುತ್ತಾರಲ್ಲ, ಇಲ್ಲಿ ಆ ಕೆಲಸಕ್ಕೆ ಬಟನ್ ಬೇಕು: ಒತ್ತಿ ಹಿಡಿದರೆ ಗೈರೊ ಸ್ತಬ್ಧ, ಕೈ ನೇರ ಮಾಡಿಕೊಂಡು ಬಿಟ್ಟರೆ ಮತ್ತೆ ಚಾಲೂ. ಸ್ಪ್ಲಾಟೂನ್‌ನಲ್ಲಿ ವೈ ಬಟನ್ ಒತ್ತಿದರೆ ಕ್ಯಾಮೆರಾವೇ ನಡುವಿಗೆ ಬರುತ್ತದೆ. ಕೆಲಸ ನಡೆಯುತ್ತದೆ, ಆದರೆ ನೋಡುತ್ತಿದ್ದ ಜಾಗ ತಪ್ಪುತ್ತದೆ.

ಗುರಿ ಇಡುವ ಎಲ್2 ಒತ್ತಿದಾಗ ಮಾತ್ರ ಗೈರೊ ಎಂಬುದು ಅತಿ ಸಾಮಾನ್ಯ ಆಯ್ಕೆ. ಹೊಸಬರಿಗೆ ಸಲೀಸು, ಸ್ಕೋಪ್ ಮುಚ್ಚಿದಾಗಲೆಲ್ಲ ಕೈ ನೇರ ಮಾಡಿಕೊಳ್ಳಬಹುದು. ಆದರೆ ಹತ್ತಿರದ ಜಗಳದಲ್ಲಿ ಸ್ಕೋಪಿಲ್ಲದೆ ಹೊಡೆಯುವಾಗ ಗೈರೊ ಇಲ್ಲ. ಸ್ಟೀಮ್ ಡೆಕ್‌ನಲ್ಲಿ ಬಲ ಸ್ಟಿಕ್‌ನ ಮೇಲೆ ಬೆರಳು ಇದ್ದಷ್ಟು ಹೊತ್ತು ಗೈರೊ ಎಂದು ಮಾಡಬಹುದು. ಕೇಳಲು ಸೊಗಸು, ಜಿಗಿಯಲು ಹೆಬ್ಬೆರಳು ಎತ್ತಿದೊಡನೆ ಗುರಿ ಸತ್ತುಹೋಗುತ್ತದೆ. ಗೈರೊ ಸದಾ ಚಾಲೂ, ಒಂದು ಬಟನ್ ಒತ್ತಿದರೆ ಸ್ತಬ್ಧ ಎಂಬುದೇ ನನಗೆ ಒಪ್ಪಿಗೆ. ಆ ಬಟನ್ ಗುಂಡು ಹಾರಿಸುವ ಬೆರಳಿನದಾಗಿರಬಾರದು. ಹಿಂಬದಿಯ ಬಟನ್‌ಗಳಿದ್ದರೆ ಅವು, ಇಲ್ಲದಿದ್ದರೆ ಎಲ್1.

ಬಟನ್ ಗೊತ್ತಾದ ಮೇಲೆ ಅಂಕಿ. ಕಂಪ್ಯೂಟರಿನಲ್ಲಿ ಸ್ಟೀಮ್ ಮೂಲಕ ಡ್ಯುಯಲ್‌ಸೆನ್ಸ್ ಬಳಸುವವರು ಗೈರೊವನ್ನು ಮೌಸ್‌ನಂತೆ ಕೆಲಸ ಮಾಡಲು ಬಿಡಬೇಕು. ಸ್ಟಿಕ್‌ನಂತೆ ಮಾಡಿದರೆ ಆಟ ಸ್ಟಿಕ್‌ಗೆ ಇಟ್ಟ ಸತ್ತ ವಲಯದಲ್ಲಿ ಸಣ್ಣ ಚಲನೆಗಳೆಲ್ಲ ನುಂಗಿಹೋಗುತ್ತವೆ. ಮೊದಲು ಆಟದ ಮೌಸ್ ಸೆನ್ಸಿಟಿವಿಟಿಯನ್ನು ಒಂದು ಕಡೆ ನಿಲ್ಲಿಸಿ, ಒಂದು ಪೂರ್ಣ ಸುತ್ತಿಗೆ ಮೌಸ್‌ನ ಎಷ್ಟು ಚುಕ್ಕಿ ಬೇಕೆಂದು ಸ್ಟೀಮ್‌ಗೆ ಹೇಳಬೇಕು. ಗುರಿಯನ್ನು ಒಂದು ಕಂಬದ ಮೇಲಿಟ್ಟು ಸುತ್ತಿಸಿ ನೋಡಿ; ಮತ್ತೆ ಅದೇ ಕಂಬಕ್ಕೆ ಬಂದು ನಿಂತರೆ ಲೆಕ್ಕ ಸರಿ. ಬಳಿಕ ಗೈರೊವನ್ನು 3ಕ್ಕೆ ಇಡಿ. ಆಗ ಆ 40 ಡಿಗ್ರಿ ಎಡದ ಶತ್ರುವಿಗೆ ಕೈ 13 ಡಿಗ್ರಿ ಚಲಿಸಿದರೆ ಸಾಕು. ಗೋಡೆಯ ಎರಡು ಗುರುತುಗಳ ನಡುವೆ ಝಟ್ಟನೆ ಗುರಿ ಬದಲಿಸುತ್ತಾ ಹೋಗಿ. ಪ್ರತಿ ಸಲ ದಾಟಿಹೋದರೆ ಅರ್ಧ ಇಳಿಸಿ, ಪ್ರತಿ ಸಲ ಮುಟ್ಟದಿದ್ದರೆ ಅರ್ಧ ಏರಿಸಿ. ಒಮ್ಮೆ ದಾಟಿ ಒಮ್ಮೆ ಮುಟ್ಟದಿದ್ದರೆ ಅಂಕಿಯ ತಪ್ಪಲ್ಲ, ಅಭ್ಯಾಸದ ಕೊರತೆ. ಕೊನೆಗೆ ದೂರದ ಸಣ್ಣ ಗುರುತಿನ ಮೇಲೆ ಹತ್ತು ಸೆಕೆಂಡು ಗುರಿ ಹಿಡಿದು ನೋಡಿ. ನಡುಗಿ ಹೊರಗೆ ಜಾರಿದರೆ ಇನ್ನೂ ಹೆಚ್ಚಾಗಿದೆ.

ಆಮೇಲೂ ಗುಂಡು ತಪ್ಪುತ್ತಿದ್ದರೆ ಹೇಗೆ ತಪ್ಪುತ್ತಿದೆ ಎಂದು ಗಮನಿಸಬೇಕು. ಗುರಿ ಸರಿಯಾಗಿದ್ದು, ಮೊದಲ ಗುಂಡು ಮಾತ್ರ ಸದಾ ಮೇಲಕ್ಕೋ ಕೆಳಕ್ಕೋ ಹೋಗುತ್ತಿದ್ದರೆ ಅದು ಟ್ರಿಗರ್ ಎಳೆತದ ಜರ್ಕು. ಆರ್2 ಅನ್ನು ಪೂರ್ತಿ ಎಳೆಯುವಾಗ ಕಂಟ್ರೋಲರ್ ಇಡೀ ತುಸು ವಾಲುತ್ತದೆ. ಟ್ರಿಗರ್ ಸ್ವಲ್ಪ ಒತ್ತಿದರೇ ಗುಂಡು ಹಾರುವಂತೆ ಮಾಡುವುದು ಅಥವಾ ಗುಂಡನ್ನು ಆರ್1ಗೆ ವರ್ಗಾಯಿಸುವುದು ಮದ್ದು. ಕಂಟ್ರೋಲರ್ ಮೇಜಿನ ಮೇಲಿದ್ದರೂ ಕ್ಯಾಮೆರಾ ತಾನೇ ಹರಿಯುತ್ತಿದ್ದರೆ ಅದು ಡ್ರಿಫ್ಟ್. ಚಿಪ್ ಸೆಕೆಂಡಿಗೆ ಬರೀ 0.1 ಡಿಗ್ರಿ ತಪ್ಪು ಹೇಳಿದರೂ ನಿಮಿಷಕ್ಕೆ 6 ಡಿಗ್ರಿ. ಸೆನ್ಸಿಟಿವಿಟಿ 3 ಇದ್ದರೆ ಪರದೆಯಲ್ಲಿ 18. ಈ ತಪ್ಪು ಚಿಪ್‌ನ ಬಿಸಿಯೊಂದಿಗೆ ಬದಲಾಗುವುದರಿಂದ ಸ್ವಲ್ಪ ಹೊತ್ತು ಆಡಿದ ಬಳಿಕ ಕಂಟ್ರೋಲರ್ ಅನ್ನು ಅಲುಗದಂತೆ ಇಟ್ಟು ಕ್ಯಾಲಿಬ್ರೇಟ್ ಮಾಡುವುದು ಒಳ್ಳೆಯದು. ಇನ್ನು ಗುರಿ ಕೈಯ ಹಿಂದೆ ಎಳೆದಾಡುತ್ತಾ ತಡವಾಗಿ ಬಂದರೆ ನಡುಕ ಅಡಗಿಸಲೆಂದು ಸ್ಮೂತಿಂಗ್ ಅತಿಯಾಗಿದೆ; ಅದನ್ನು ಇಳಿಸಿ, ನಡುಕಕ್ಕೆ ಸೆನ್ಸಿಟಿವಿಟಿಯನ್ನೇ ತುಸು ಕಡಿಮೆ ಮಾಡಿ.

ಸರಿಪಡಿಸಲಾಗದ ತೊಡಕೂ ಒಂದಿದೆ. ಕೆಲವು ಆಟಗಳು ಮೌಸ್ ಮತ್ತು ಕಂಟ್ರೋಲರ್ ಎರಡನ್ನೂ ಒಟ್ಟಿಗೆ ಒಪ್ಪುವುದಿಲ್ಲ. ಕೈ ಅಲುಗಿದಾಗಲೆಲ್ಲ ಪರದೆಯ ಸೂಚನೆಗಳು ಕೀಬೋರ್ಡಿನವಾಗಿ, ಸ್ಟಿಕ್ ಮುಟ್ಟಿದರೆ ಕಂಟ್ರೋಲರಿನವಾಗಿ ಮಿಣುಕುತ್ತವೆ, ಕೆಲವೊಮ್ಮೆ ಓಟವೇ ನಿಂತುಹೋಗುತ್ತದೆ. ಅಂಥಲ್ಲಿ ನಡಿಗೆ, ಜಿಗಿತ ಎಲ್ಲವನ್ನೂ ಕೀಬೋರ್ಡಿನ ಕೀಲಿಗಳಾಗಿ ಕಂಟ್ರೋಲರ್‌ಗೆ ಕಟ್ಟಿ, ಸ್ಟಿಕ್‌ನ ಮೆಲ್ಲನೆಯ ನಡಿಗೆಯನ್ನು ಬಿಟ್ಟುಕೊಡಬೇಕಾಗುತ್ತದೆ. 2022ರಲ್ಲಿ ಫೋರ್ಟ್‌ನೈಟ್ ಮಾಡಿದಂತೆ ಗೈರೊವನ್ನು ಆಟದೊಳಗೇ ಸೇರಿಸಿದರೆ ಈ ಸರ್ಕಸ್ ಬೇಕಿಲ್ಲ.