ಮೂರು ಕಾಫಿ ಎಂದರೆ ಲೋಟವೋ, ಡಬ್ಬಿಯೋ?

ಹೋಟೆಲಿನಲ್ಲಿ ‘ಮೂರು ಕಾಫಿ’ ಎಂದರೆ ನಮ್ಮ ಮಾಣಿಗೆ ಸಾಕು. ಇಂಗ್ಲಿಷಿಗೂ ಅಷ್ಟೇ ಸಾಕು. ಅದನ್ನೇ ಜಪಾನಿಗೋ ಚೀನಿಗೋ ತರುವ ಅನುವಾದಕರು ಮಾತ್ರ ಅಲ್ಲೇ ನಿಲ್ಲಬೇಕಾಗುತ್ತದೆ. ಆ ಭಾಷೆಗಳಲ್ಲಿ ಬರೀ ಸಂಖ್ಯೆಯನ್ನು ವಸ್ತುವಿಗೆ ಅಂಟಿಸುವಂತಿಲ್ಲ. ಜೊತೆಗೆ ಆ ವಸ್ತುವಿಗೆ ಒಪ್ಪುವ ಎಣಿಕೆಪದವೊಂದು ಇರಬೇಕು. ಕನ್ನಡದಲ್ಲೂ ‘ಮೂರು ನಾಯಿ’ ಎನ್ನುವ ನಾವು ಹುಡುಗರ ವಿಷಯಕ್ಕೆ ಬಂದರೆ ‘ಮೂವರು’ ಎನ್ನುತ್ತೇವೆ. ನಮ್ಮ ಭೇದ ಮನುಷ್ಯರಿಗೇ ಮುಗಿಯಿತು. ಅಲ್ಲಿ ಪೆನ್ಸಿಲ್ಲಿಗೂ ಒಂದು, ಪುಸ್ತಕಕ್ಕೂ ಒಂದು.

‘ನಾವು ಮೂರು ಕಾಫಿ ಕೊಂಡೆವು’ ಎಂಬ ಇಂಗ್ಲಿಷ್ ವಾಕ್ಯವನ್ನೇ ನೋಡಿ. ಎಲ್ಲಿ ಕೊಂಡರು ಎಂದು ಅದು ಹೇಳುವುದಿಲ್ಲ. ಜಪಾನಿಗೆ ಅದು ಗೊತ್ತಾಗಲೇಬೇಕು. ರೈಲು ನಿಲ್ದಾಣದ ಯಂತ್ರದಿಂದ ಡಬ್ಬಿ ಕಾಫಿ ತೆಗೆದುಕೊಂಡಿದ್ದರೆ ‘ಹೊನ್’ ಬರುತ್ತದೆ. ಪೆನ್ಸಿಲ್, ಕೊಡೆ, ಬಾಟಲಿಯಂಥ ಉದ್ದನೆಯ ವಸ್ತುಗಳ ಎಣಿಕೆಪದ ಅದು. ಅಂಗಡಿಯಲ್ಲಿ ಕಪ್ಪಿಗೆ ಸುರಿದ ಕಾಫಿಯಾದರೆ ‘ಹಾಯ್’. ಹಾಗಾಗಿ ಹಿಂದಿನ ಸಾಲುಗಳನ್ನು ಓದದೆ ಈ ಒಂದು ಸಾಲನ್ನು ಅನುವಾದಿಸಲು ಆಗದು. (‘ಹೊನ್’ ಬರೆಯುವ ಅದೇ ಅಕ್ಷರ ಚೀನಿಯಲ್ಲಿ ‘ಬೆನ್’ ಆಗಿ ಪುಸ್ತಕಗಳನ್ನು ಎಣಿಸುತ್ತದೆ. ಎರಡನ್ನೂ ಒಟ್ಟಿಗೆ ಕಲಿಯುವವರ ಪಾಡು ಕೇಳಬೇಡಿ.)

ಡಬ್ಬಿ ಎಂದೇ ಇಟ್ಟುಕೊಳ್ಳೋಣ. ಈಗ ಉಚ್ಚಾರದ ಕಾಟ: ಒಂದಕ್ಕೆ ‘ಇಪ್ಪೊನ್’, ಎರಡಕ್ಕೆ ‘ನಿಹೊನ್’, ಮೂರಕ್ಕೆ ‘ಸಂಬೊನ್’. ಬರೆಯುವ ಅಕ್ಷರ ಮಾತ್ರ ಬದಲಾಗದು, ಆದ್ದರಿಂದ ಕಾಗದದ ಮೇಲೆ ತಪ್ಪು ಕಾಣಿಸುವುದೇ ಇಲ್ಲ. ಸಂಖ್ಯೆಯನ್ನೂ ಎಣಿಕೆಪದವನ್ನೂ ಬೇರೆಬೇರೆ ಧ್ವನಿಮುದ್ರಿಸಿ ಜೋಡಿಸಿದರೆ ‘ಸಾನ್ ಹೊನ್’ ಎಂದು ಕೇಳಿ, ಹುಳುಕು ಹೊರಬೀಳುತ್ತದೆ. ಇನ್ನು ಜಾಗ. ಜಪಾನಿಯಲ್ಲಿ ಸಾಮಾನ್ಯವಾಗಿ ವಸ್ತು ಮೊದಲು, ಎಣಿಕೆ ಕ್ರಿಯಾಪದದ ಪಕ್ಕ: ‘ಕೋಹೀ ಒ ಸಂಬೊನ್ ಕಾಯ್ಮಾಷಿತಾ’. ಚೀನಿಯಲ್ಲಿ ಎಣಿಕೆಯೇ ಮುಂದೆ. ಕಪ್ಪಿನ ಕಾಫಿಯಾದರೆ ‘ಸಾನ್ ಬೇಯ್ ಕಾಫೇಯ್’. ಎರಡೇ ಕಪ್ಪಾದರೆ ಲೆಕ್ಕ ಹೇಳುವಾಗಿನ ‘ಅರ್’ ಹೋಗಿ ‘ಲ್ಯಾಂಗ್ ಬೇಯ್’ ಆಗುತ್ತದೆ. ಹನ್ನೆರಡಕ್ಕೆ ಮತ್ತೆ ‘ಶಿ ಅರ್’.

ತಪ್ಪಿಸಿಕೊಳ್ಳುವ ದಾರಿಯೂ ಇದೆ. ಜಪಾನಿನ ಹೋಟೆಲಿನಲ್ಲಿ ‘ಕೋಹೀ ಮಿತ್ತ್ಸು’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಈ ‘ತ್ಸು’ ಒಂಬತ್ತಕ್ಕೇ ನಿಲ್ಲುತ್ತದೆ, ಮನುಷ್ಯರಿಗಂತೂ ಸಲ್ಲದು. ಚೀನಿಯ ‘ಗ’ ಇನ್ನೂ ಉದಾರಿ, ಮನುಷ್ಯರನ್ನೂ ಎಣಿಸುತ್ತದೆ.

ಎಣಿಕೆಪದ ಬಿಟ್ಟರೆ ಕೆಲವೊಮ್ಮೆ ಅರ್ಥವೇ ಕೆಡುತ್ತದೆ. ಕರಾರುಪತ್ರದಲ್ಲಿ ‘ಮೂರು ತಿಂಗಳು’ ಎಂದಿದೆ ಎನ್ನಿ. ಚೀನಿಯಲ್ಲಿ ಅದು ‘ಸಾನ್ ಗ ಯುಎ’. ‘ಗ’ ಬಿಟ್ಟು ‘ಸಾನ್ ಯುಎ’ ಎಂದರೆ ಮಾರ್ಚ್! ಜಪಾನಿಯಲ್ಲೂ ಇದೇ ಕಥೆ: ‘ಸಾನ್‌ಕಾಗೆತ್ಸು’ ಮೂರು ತಿಂಗಳ ಅವಧಿ, ‘ಸಾನ್‌ಗಾತ್ಸು’ ಮಾರ್ಚ್. ಹಾಗೆಂದು ಹೆದರಿ ಎಲ್ಲ ಕಡೆ ‘ಗ’ ತುರುಕಿದರೂ ತಪ್ಪೇ. ಚೀನಿಯಲ್ಲಿ ವರ್ಷ, ದಿನಗಳೇ ಎಣಿಕೆಪದದ ಕೆಲಸ ಮಾಡುವುದರಿಂದ ಮೂರು ವರ್ಷ ಬರೀ ‘ಸಾನ್ ನ್ಯೆನ್’, ಮೂರು ದಿನ ಬರೀ ‘ಸಾನ್ ಟ್ಯೆನ್’.