ಒತ್ತಕ್ಷರ ಒಡೆಯದ ಸಬ್‌ಟೈಟಲ್

ಪಾಡ್ದನ ಹಾಡುವ ಹಿರಿಯರ ಬಗ್ಗೆ ಯಾರೋ ಇಪ್ಪತ್ತು ನಿಮಿಷದ ಒಂದು ತುಳು ಸಾಕ್ಷ್ಯಚಿತ್ರ ಮಾಡಿದ್ದಾರೆ ಎಂದಿಟ್ಟುಕೊಳ್ಳೋಣ. ತುಳು ಬಾರದವರಿಗಾಗಿ ಕನ್ನಡದ ಸಬ್‌ಟೈಟಲ್ ಸಿದ್ಧವಾಗಿದೆ. ಚಿತ್ರ ಯೂಟ್ಯೂಬ್‌ಗೆ ಹೋಗಬೇಕು, ವಾಟ್ಸಾಪ್ ಗುಂಪುಗಳಿಗೆ ಹೋಗಬೇಕು, ಪೆನ್‌ಡ್ರೈವ್‌ನಲ್ಲಿ ಶಾಲೆಗಳ ಟಿ.ವಿ.ಗೆ ಹೋಗಬೇಕು, ಮುಂದೆ ಇಂಗ್ಲಿಷ್ ಸಬ್‌ಟೈಟಲ್‌ನೊಂದಿಗೆ ಚಿತ್ರೋತ್ಸವಕ್ಕೂ ಹೋಗಬೇಕು. ಎಡಿಟಿಂಗ್ ಮುಗಿದ ದಿನವೇ ಒಂದು ಪ್ರಶ್ನೆ ಏಳುತ್ತದೆ: ಅಕ್ಷರಗಳನ್ನು ಚಿತ್ರದ ಮೇಲೆಯೇ ಶಾಶ್ವತವಾಗಿ ಅಚ್ಚೊತ್ತಿಬಿಡುವುದೋ, ಬೇಕಾದವರು ಹಾಕಿಕೊಂಡು ಬೇಡದವರು ತೆಗೆಯುವಂತೆ ಪ್ರತ್ಯೇಕವಾಗಿ ಇಡುವುದೋ? ಎಡಿಟಿಂಗ್ ಮಾಡುವವರು ಮೊದಲನೆಯದಕ್ಕೆ ‘ಬರ್ನ್ ಮಾಡುವುದು’ ಎನ್ನುತ್ತಾರೆ, ಎರಡನೆಯದಕ್ಕೆ ‘ಸಾಫ್ಟ್ ಸಬ್’ ಎನ್ನುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್‌ನ ಮಟ್ಟಿಗೆ ಉತ್ತರ ಬಹುಪಾಲು ಸುಲಭ. ಕನ್ನಡದ ಮಟ್ಟಿಗೆ ಹಾಗಲ್ಲ. ಅದಕ್ಕೆ ಕಾರಣ ನಮ್ಮ ಲಿಪಿಯಲ್ಲೇ ಇದೆ.

ಪ್ರತ್ಯೇಕವಾಗಿಟ್ಟ ಸಬ್‌ಟೈಟಲ್ ಎಂದರೆ ಬರಿಯ ಪಠ್ಯ. ಎಲ್ಲೆಡೆ ಬಳಕೆಯಲ್ಲಿರುವ ಎಸ್‌ಆರ್‌ಟಿ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕಾಣುವುದು ಇಷ್ಟೇ:

```
41
00:03:12,400 --> 00:03:15,900
ಈ ಪಾಡ್ದನದ ಅರ್ಥ ಬಲ್ಲವರು
ಊರಲ್ಲಿ ಈಗ ಇಬ್ಬರೇ ಇದ್ದಾರೆ.
```

ಒಂದು ಕ್ರಮಸಂಖ್ಯೆ, ಸಾಲು ಮೂಡುವ ಮತ್ತು ಮಾಯವಾಗುವ ಹೊತ್ತು, ಕೆಳಗೆ ಮಾತು. ಇಪ್ಪತ್ತು ನಿಮಿಷದ ಚಿತ್ರಕ್ಕೆ ಇಂಥ ಮುನ್ನೂರು ತುಣುಕುಗಳಿದ್ದರೂ ಕಡತದ ತೂಕ ಅರವತ್ತು ಕೆ.ಬಿ. ಆಸುಪಾಸು. ಸೆಕೆಂಡಿಗೆ 8 ಮೆಗಾಬಿಟ್ ದರದ ವಿಡಿಯೊ ಆದರೆ ಚಿತ್ರ ಸುಮಾರು 1.2 ಜಿ.ಬಿ. ಇರುತ್ತದೆ. ಇಷ್ಟು ಪುಟ್ಟ ಪಠ್ಯವನ್ನು ಎಂಪಿ4 ಅಥವಾ ಎಂಕೆವಿ ಕಡತದ ಒಳಗೇ ಒಂದು ಟ್ರ್ಯಾಕ್ ಆಗಿ ಸೇರಿಸಬಹುದು, ವಿಡಿಯೊದ ಪಕ್ಕದಲ್ಲಿ ಅದೇ ಹೆಸರಿನ ಬೇರೆ ಕಡತವಾಗಿಯೂ ಇಡಬಹುದು. ಎರಡರಲ್ಲೂ ಗಮನಿಸಬೇಕಾದ ಮಾತು ಒಂದೇ: ಈ ಪಠ್ಯವನ್ನು ಅಕ್ಷರವಾಗಿ ಬಿಡಿಸುವ ಕೆಲಸ ನೋಡುಗನ ಮನೆಯ ಟಿ.ವಿ. ಅಥವಾ ಫೋನಿನದು. ನಮ್ಮ ಕೈಯಲ್ಲಿ ಅದು ಇಲ್ಲ.

ಇಂಗ್ಲಿಷಿನಲ್ಲಿ ಈ ಕೆಲಸ ಸರಳ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು. ಕನ್ನಡದ ‘ಸ್ತ್ರೀ’ ಎಂಬ ಒಂದೇ ಅಕ್ಷರ ಕಂಪ್ಯೂಟರಿನೊಳಗೆ ಆರು ಸಂಕೇತಗಳ ಸಾಲಾಗಿ ಕೂತಿರುತ್ತದೆ: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ. ಇವನ್ನು ಜೋಡಿಸಿ, ತಕಾರದ ಒತ್ತನ್ನು ಕೆಳಗಿಳಿಸಿ, ರಕಾರವನ್ನು ಸುತ್ತಿಸಿ, ಈಕಾರವನ್ನು ಮೂಲ ಅಕ್ಷರಕ್ಕೇ ಅಂಟಿಸುವ ಒಂದು ತಂತ್ರಾಂಶ ಬೇಕು. ‘ಅರ್ಥ’ದಲ್ಲಿ ಕೆಲಸ ಇನ್ನೂ ನಾಜೂಕು. ಸಂಕೇತಗಳ ಸಾಲಿನಲ್ಲಿ ರಕಾರ ಮೊದಲು, ಥಕಾರ ಆಮೇಲೆ. ತೆರೆಯ ಮೇಲೆ ಮಾತ್ರ ಆ ರಕಾರ ಅರ್ಕಾವತ್ತಾಗಿ ಥಕಾರದ ಬಲಕ್ಕೆ ಹೋಗಿ ಕೂರಬೇಕು. ಇಂದಿನ ಫೋನುಗಳು, ಬ್ರೌಸರುಗಳು, ವಿಎಲ್‌ಸಿಯಂಥ ಪ್ಲೇಯರುಗಳು ಇದನ್ನು ಸರಿಯಾಗಿ ಮಾಡುತ್ತವೆ. ಪೆನ್‌ಡ್ರೈವ್ ಚುಚ್ಚಿ ನೋಡುವ ಟಿ.ವಿ.ಗಳು, ಅಗ್ಗದ ಸೆಟ್‌ಟಾಪ್ ಪೆಟ್ಟಿಗೆಗಳು, ಹಳೆಯ ಪ್ರೊಜೆಕ್ಟರುಗಳ ವಿಷಯದಲ್ಲಿ ಭರವಸೆ ಕೊಡಲಾಗದು.

ಕೆಟ್ಟದ್ದು ಎಲ್ಲಿ ಎಂಬುದನ್ನು ತೆರೆಯೇ ಹೇಳುತ್ತದೆ. ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಂಡರೆ ಆ ಯಂತ್ರದಲ್ಲಿ ಕನ್ನಡದ ಫಾಂಟ್ ಇಲ್ಲ. ‘ಅರ್ಥ’ ಎಂಬುದು ‘ಅರ್‌ಥ’ ಎಂದೂ ‘ಸ್ತ್ರೀ’ ಎಂಬುದು ‘ಸ್‌ತ್‌ರೀ’ ಎಂದೂ ಒಡೆದು ಕಂಡರೆ ಫಾಂಟ್ ಇದೆ, ಜೋಡಿಸುವ ತಂತ್ರಾಂಶ ಇಲ್ಲ. ಈ ಎರಡಕ್ಕೂ ನಮ್ಮ ಕಡೆಯಿಂದ ಮದ್ದಿಲ್ಲ. ಇನ್ನು ‘ಕ’ ಇರಬೇಕಾದಲ್ಲೆಲ್ಲ `à²•` ಎಂದು ಬಂದರೆ ತಪ್ಪು ಬೇರೆ. ಯೂನಿಕೋಡ್ ಕನ್ನಡದ ಪ್ರತಿ ಸಂಕೇತ ಕಡತದಲ್ಲಿ ಮೂರು ಬೈಟ್ ಹಿಡಿಯುತ್ತದೆ. ಆ ಮೂರನ್ನೂ ಪ್ಲೇಯರು ಮೂರು ಪಾಶ್ಚಾತ್ಯ ಅಕ್ಷರಗಳೆಂದು ಓದಿಕೊಂಡಿದೆ. ಪ್ಲೇಯರಿನ ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ `UTF-8` ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. `PÀ£ÀßqÀ` ಎಂದು ಕಂಡರೆ ಅದು ‘ಕನ್ನಡ’ವೇ, ಅನುವಾದಕರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದ ಮೇಲೆ ಒತ್ತಕ್ಷರಗಳನ್ನು ಕಣ್ಣಾರೆ ಓದಿ ನೋಡಬೇಕು. ಮುದ್ರಣದ ಜಗತ್ತಿನಿಂದ ಬಂದ ಅನುವಾದಕರ ಕಡತಗಳಲ್ಲಿ ಈ ತೊಂದರೆ ಈಗಲೂ ಎದುರಾಗುತ್ತದೆ.

ಹೀಗಾಗಿ ಕನ್ನಡದಲ್ಲಿ ಬರ್ನ್ ಮಾಡುವುದಕ್ಕೆ ಇಂಗ್ಲಿಷಿಗಿಲ್ಲದ ಒಂದು ನ್ಯಾಯವಾದ ಕಾರಣವಿದೆ. ನಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ಒತ್ತಕ್ಷರ ಸರಿಯಾಗಿ ಮೂಡಿ ಚಿತ್ರದ ಭಾಗವಾದರೆ ಆಮೇಲೆ ಯಾವ ಟಿ.ವಿ.ಯೂ ಅದನ್ನು ಒಡೆಯಲಾರದು. ವಾಟ್ಸಾಪ್‌ನಂಥ ಕಡೆಯಂತೂ ಟ್ರ್ಯಾಕ್ ಆರಿಸುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಕಳಿಸುವಾಗ ವಿಡಿಯೊ ಮತ್ತೆ ಕುಗ್ಗುತ್ತದೆ, ಒಳಗಿದ್ದ ಪಠ್ಯ ದಾರಿಯಲ್ಲೇ ಬಿದ್ದುಹೋಗುತ್ತದೆ. ಅಲ್ಲಿ ಬರ್ನ್ ಮಾಡಿದ ಪ್ರತಿಯೇ ಗತಿ. ಉಚಿತ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಆ ಕೆಲಸ ಹೀಗೆ ನಡೆಯುತ್ತದೆ:

```
ffmpeg -i film.mp4 -vf "subtitles=film.kn.srt:force_style='FontName=Noto Sans Kannada,FontSize=18,MarginV=24'" -c:v libx264 -crf 18 -c:a copy film-kn.mp4
```

ಇಲ್ಲಿನ ಎರಡು ಅಂಕಿಗಳನ್ನು ತಿಳಿದುಕೊಂಡರೆ ಒಳ್ಳೆಯದು. `FontSize=18` ಎಂದರೆ ಹದಿನೆಂಟು ಪಿಕ್ಸೆಲ್ ಅಲ್ಲ. ಎಸ್‌ಆರ್‌ಟಿ ಕಡತಕ್ಕೆ ಈ ತಂತ್ರಾಂಶ ಚಿತ್ರದ ಎತ್ತರವನ್ನು 288 ಭಾಗ ಎಂದು ಲೆಕ್ಕ ಹಿಡಿಯುತ್ತದೆ, ಅದರಲ್ಲಿ ಹದಿನೆಂಟು ಭಾಗ. 1080 ಗೆರೆಗಳ ಚಿತ್ರದಲ್ಲಿ ಅದು ಸುಮಾರು 67 ಪಿಕ್ಸೆಲ್ ಆಗುತ್ತದೆ. `MarginV` ಅಕ್ಷರಗಳನ್ನು ಕೆಳ ಅಂಚಿನಿಂದ ಮೇಲೆತ್ತುತ್ತದೆ. ಕನ್ನಡಕ್ಕೆ ಈ ಅಂತರವನ್ನು ತುಸು ಉದಾರವಾಗಿ ಕೊಡಬೇಕು. ‘ರಾಷ್ಟ್ರ’, ‘ಶಾಸ್ತ್ರ’ಗಳ ಒತ್ತುಗಳು ಸಾಲಿನಿಂದ ಬಹಳ ಕೆಳಗೆ ಇಳಿಯುತ್ತವೆ, ಅಂಚಿಗೆ ತಾಗಿಸಿ ಇಟ್ಟರೆ ಕೆಲವು ಟಿ.ವಿ.ಗಳು ಅಂಚನ್ನು ಕತ್ತರಿಸಿ ತೋರಿಸುವಾಗ ಒತ್ತೇ ಕಾಣೆಯಾಗುತ್ತದೆ.

ಬರ್ನ್ ಮಾಡುವುದಕ್ಕೆ ತೆರುವ ಬೆಲೆ ಕಡಿಮೆಯದಲ್ಲ. ಸಂಕುಚಿತ ವಿಡಿಯೊದಲ್ಲಿ ಹೆಚ್ಚಿನ ಫ್ರೇಮುಗಳು ಪೂರ್ಣ ಚಿತ್ರಗಳಲ್ಲ, ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬ ಟಿಪ್ಪಣಿಗಳು ಮಾತ್ರ. ಆದ್ದರಿಂದ ಕೆಳಗಿನ ಎರಡು ಸಾಲಿನ ಜಾಗವನ್ನಷ್ಟೇ ಮುಟ್ಟಿ ಉಳಿದದ್ದನ್ನು ಹಾಗೇ ಬಿಡಲಾಗದು. ಇಡೀ ಚಿತ್ರವನ್ನು ಬಿಚ್ಚಿ ಮತ್ತೆ ಸಂಕುಚಿತಗೊಳಿಸಬೇಕು. ಪ್ರತಿ ಸಲವೂ ಒಂದಿಷ್ಟು ಸೂಕ್ಷ್ಮ ವಿವರ ಕಳೆದುಹೋಗುತ್ತದೆ. `crf` ಅಂಕಿ ಇಳಿದಷ್ಟೂ ನಷ್ಟ ಕಡಿಮೆ, ಕಡತ ದೊಡ್ಡದು. ಇದೇ ಪ್ರತಿಯನ್ನು ವಾಟ್ಸಾಪ್ ಇನ್ನೊಮ್ಮೆ ಹಿಂಡಿದಾಗ ಮೊದಲು ಸೊರಗುವುದು ಅಕ್ಷರಗಳೇ. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’ ಬೇರೆ ಎಂದು ಹೇಳುವುದು ಅಡಿಯ ಒಂದು ಸಣ್ಣ ಸೀಳು. ಆ ಸೀಳು ಮುಚ್ಚಿಹೋದರೆ ಮಹಾಪ್ರಾಣ ಅಲ್ಪಪ್ರಾಣವಾಗಿ ಓದಿಸಿಕೊಳ್ಳುತ್ತದೆ. ಹಾಗಾಗಿ ಫೋನಿಗೆ ಕಳಿಸುವ ಪ್ರತಿಯಲ್ಲಿ ಅಕ್ಷರದ ಗಾತ್ರವನ್ನು ಇನ್ನೆರಡು ಮೂರು ಅಂಕಿ ಏರಿಸಿ, ಸಾಲುಗಳನ್ನು ಚಿಕ್ಕದಾಗಿ ಮುರಿಯುವುದು ಲೇಸು.

ಎಲ್ಲಕ್ಕಿಂತ ದೊಡ್ಡ ನಷ್ಟ, ಬರ್ನ್ ಮಾಡಿದ್ದನ್ನು ಹಿಂದಕ್ಕೆ ಪಡೆಯಲಾಗದು ಎಂಬುದು. ಆ ಅಕ್ಷರಗಳ ಹಿಂದೆ ಇದ್ದ ಚಿತ್ರ ಕಡತದಲ್ಲಿ ಉಳಿದಿರುವುದೇ ಇಲ್ಲ. ಹಾಡುಗಾರರ ಊರಿನ ಹೆಸರು ತಪ್ಪಾಗಿದೆ ಎಂದು ಪ್ರದರ್ಶನದ ಮರುದಿನ ಗೊತ್ತಾದರೆ ಎಸ್‌ಆರ್‌ಟಿಯಲ್ಲಿ ಒಂದು ಪದ ತಿದ್ದಿದರೆ ಸಾಕು. ಬರ್ನ್ ಮಾಡಿದ ಪ್ರತಿಯಾದರೆ ಇಡೀ ವಿಡಿಯೊ ಮತ್ತೆ ತಯಾರಾಗಬೇಕು, ಹಳೆಯ ಪ್ರತಿ ಹೋದಲ್ಲೆಲ್ಲ ತಪ್ಪು ಹಾಗೇ ಉಳಿಯುತ್ತದೆ. ಕನ್ನಡ ಅಚ್ಚೊತ್ತಿದ ಪ್ರತಿಯೊಂದೇ ಕೈಯಲ್ಲಿದ್ದು ಚಿತ್ರೋತ್ಸವದವರು ಇಂಗ್ಲಿಷ್ ಕೇಳಿದರೆ ದಾರಿಗಳೆಲ್ಲ ಕುರೂಪವೇ: ಕನ್ನಡದ ಮೇಲೆ ಕಪ್ಪು ಪಟ್ಟಿ ಎಳೆದು ಅದರ ಮೇಲೆ ಇಂಗ್ಲಿಷ್ ಬರೆಯಬೇಕು, ಇಲ್ಲವೇ ಎರಡು ಭಾಷೆಯ ನಾಲ್ಕು ಸಾಲುಗಳಡಿ ಹಾಡುಗಾರ್ತಿಯ ಮುಖವನ್ನೇ ಮುಚ್ಚಬೇಕು. ಮೂಲ ವಿಡಿಯೊ ಕಳೆದುಕೊಂಡವರಿಗೆ ಇದು ನಿಜವಾದ ದುಃಖ.

ಪ್ರತ್ಯೇಕ ಟ್ರ್ಯಾಕ್ ಎಂಬುದು ಹುಟ್ಟಿದ್ದೂ ಇಂಥದೇ ಇಕ್ಕಟ್ಟಿನಿಂದ. ಅಮೆರಿಕದಲ್ಲಿ 1972ರಲ್ಲಿ ಜೂಲಿಯಾ ಚೈಲ್ಡ್ ಅವರ ಅಡುಗೆ ಕಾರ್ಯಕ್ರಮ ‘ದಿ ಫ್ರೆಂಚ್ ಷೆಫ್’ ಕಿವುಡರಿಗಾಗಿ ಅಕ್ಷರಗಳೊಂದಿಗೆ ಪ್ರಸಾರವಾಯಿತು. ಅಕ್ಷರಗಳು ಎಲ್ಲರ ಪರದೆಯ ಮೇಲೂ ಬರುತ್ತಿದ್ದವು. ಬೇಕಾದವರಿಗಷ್ಟೇ ಕಾಣುವ ಮುಚ್ಚಿದ ಅಕ್ಷರಗಳ ನಿಯಮಿತ ಪ್ರಸಾರ ಶುರುವಾದದ್ದು 1980ರ ಮಾರ್ಚ್‌ನಲ್ಲಿ, ಅದೂ ಬೇರೆ ಪೆಟ್ಟಿಗೆ ಕೊಂಡು ಟಿ.ವಿ.ಗೆ ಜೋಡಿಸಿದವರಿಗೆ ಮಾತ್ರ. 1990ರ ಕಾನೂನಿನ ಫಲವಾಗಿ 1993ರ ಜುಲೈಯಿಂದ 13 ಇಂಚು ಮತ್ತು ಅದಕ್ಕಿಂತ ದೊಡ್ಡ ಟಿ.ವಿ.ಗಳ ಒಳಗೇ ಆ ಸೌಲಭ್ಯ ಬಂತು. ಆಯ್ಕೆ ಎಂಬುದು ನೋಡುಗನ ಯಂತ್ರಕ್ಕೆ ಸಾಮರ್ಥ್ಯ ಬಂದ ಮೇಲಷ್ಟೇ ನಿಜವಾಯಿತು. ಕನ್ನಡದ ಒತ್ತಕ್ಷರದ ವಿಷಯದಲ್ಲಿ ನಾವು ಇನ್ನೂ ಆ ನಡುದಾರಿಯಲ್ಲಿದ್ದೇವೆ.

ನಡುವೆ ಇನ್ನೊಂದು ಉಪಾಯವೂ ಇದೆ. ಡಿವಿಡಿಯ ಸಬ್‌ಟೈಟಲ್ ಪಠ್ಯವಾಗಿರಲಿಲ್ಲ, ಪ್ರತಿ ಸಾಲಿನ ಒಂದೊಂದು ಪುಟ್ಟ ಚಿತ್ರವಾಗಿತ್ತು. ಬೇಕೆಂದಾಗ ಹಾಕಬಹುದು, ತೆಗೆಯಬಹುದು, ಆದರೂ ಒತ್ತಕ್ಷರ ಒಡೆಯದು. ಇಂದಿನ ಡಿಜಿಟಲ್ ಥಿಯೇಟರುಗಳಿಗೆ ಹೋಗುವ ಡಿಸಿಪಿಯಲ್ಲೂ ಸಬ್‌ಟೈಟಲ್ ಅನ್ನು ಪಠ್ಯವಾಗಿಯೂ ಕೊಡಬಹುದು, ಚಿತ್ರಗಳಾಗಿಯೂ ಕೊಡಬಹುದು. ಕನ್ನಡ ಅಕ್ಷರ ಬೇಕಾದಲ್ಲಿ ಚಿತ್ರಗಳ ದಾರಿಯನ್ನೇ ಕೇಳುವುದು ಕ್ಷೇಮ. ಅಕ್ಷರದ ಗಾತ್ರ ಬದಲಿಸಲು, ಪದ ಹುಡುಕಲು ಆಗುವುದಿಲ್ಲ ಎಂಬುದೇ ಇದರ ಮಿತಿ.

ನಮ್ಮ ಪಾಡ್ದನದ ಚಿತ್ರಕ್ಕೆ ನಾನು ಹೇಳುವ ಕ್ರಮ ಇದು. ಅಕ್ಷರವೇ ಇಲ್ಲದ ಒಂದು ಶುದ್ಧ ಪ್ರತಿಯನ್ನು ಮೊದಲು ಎತ್ತಿಡಬೇಕು, ಜೊತೆಗೆ `film.kn.srt` ಮತ್ತು `film.en.srt`. ಯೂಟ್ಯೂಬ್‌ಗೆ ಶುದ್ಧ ಪ್ರತಿಯನ್ನೇ ಏರಿಸಿ ಎರಡು ಕಡತಗಳನ್ನೂ ಸಬ್‌ಟೈಟಲ್ ವಿಭಾಗದಲ್ಲಿ ಸೇರಿಸಬೇಕು. ಕಂಪ್ಯೂಟರಿನಲ್ಲಿ ನೋಡುವವರಿಗೆ ಎರಡೂ ಟ್ರ್ಯಾಕ್ ಒಳಗಿಟ್ಟ ಪ್ರತಿ ಕೊಡಬಹುದು:

```
ffmpeg -i film.mp4 -i film.kn.srt -i film.en.srt -map 0:v -map 0:a -map 1 -map 2 -c copy -c:s mov_text -metadata:s:s:0 language=kan -metadata:s:s:1 language=eng film-tracks.mp4
```

ಇಲ್ಲಿ ವಿಡಿಯೊವನ್ನು ಮುಟ್ಟುವುದಿಲ್ಲ, ನಕಲು ಮಾಡುತ್ತದೆ ಅಷ್ಟೆ. ಬರ್ನ್ ಮಾಡಲು ಹಿಡಿಯುವ ಹೊತ್ತಿನ ಎದುರು ಇದು ಕೆಲವೇ ಕ್ಷಣದ ಕೆಲಸ, ಗುಣಮಟ್ಟ ಕೂದಲಷ್ಟೂ ಕುಗ್ಗದು. ವಾಟ್ಸಾಪ್‌ಗೆ ಬರ್ನ್ ಮಾಡಿದ ಪ್ರತಿ. ಶಾಲೆಗಳ ಟಿ.ವಿ.ಗೆ ಹೋಗುವ ಪೆನ್‌ಡ್ರೈವ್‌ನಲ್ಲಿ ಮೊದಲು ಅರ್ಧ ನಿಮಿಷದ ಪರೀಕ್ಷೆಯ ವಿಡಿಯೊ ಮತ್ತು ಅದೇ ಹೆಸರಿನ ಎಸ್‌ಆರ್‌ಟಿ ಹಾಕಿ, ಅದರಲ್ಲಿ ‘ಸ್ತ್ರೀ, ಅರ್ಥ, ಕ್ಷೇತ್ರ, ರಾಷ್ಟ್ರ’ ಎಂಬ ಒಂದು ಸಾಲು ಬರೆದು ಆ ಟಿ.ವಿ.ಯಲ್ಲೇ ಓಡಿಸಿ ನೋಡಬೇಕು. ನಾಲ್ಕೂ ಪದ ಸರಿಯಾಗಿ ಮೂಡಿದರೆ ಪ್ರತ್ಯೇಕ ಕಡತವನ್ನೇ ಕೊಡಿ. ಒಂದು ಒಡೆದರೂ ಬರ್ನ್ ಮಾಡಿದ ಪ್ರತಿ ಕೊಟ್ಟು, ಅದರ ಹೆಸರಿನಲ್ಲೇ `-kn` ಎಂದು ಸೇರಿಸಿಡಿ. ನಾಳೆ ಅವಸರದಲ್ಲಿ ಯಾರೂ ಅದನ್ನೇ ಮೂಲ ಎಂದು ಭಾವಿಸಿ ಶುದ್ಧ ಪ್ರತಿಯನ್ನು ಅಳಿಸದಂತೆ ಅದು ಕಾಯುತ್ತದೆ.